ಬೇಕಾಗಿರುವುದು ಅಕೌಂಟೆಂಟೋ, ಬೈಕ್ ಸವಾರನೋ?

ಮಾನ್ಯರೇ,

ಹೋದ ತಿಂಗಳು ನಿಮ್ಮ ಪತ್ರಿಕೆಯಲ್ಲಿ ನಮ್ಮ ಚಿಕ್ಕಮಗಳೂರಿನ ಒಂದು ಕಾಫಿ ವ್ಯಾಪಾರದ ಕಚೇರಿಯ ಜಾಹೀರಾತು ನೋಡಿದೆ. 'ಅಕೌಂಟೆಂಟ್ ಬೇಕಾಗಿದ್ದಾರೆ. ಬಿ.ಕಾಂ., ಟ್ಯಾಲಿ ಗೊತ್ತಿರುವ, 35 ವರ್ಷದೊಳಗಿನ ದೃಢಕಾಯ ಯುವಕರು. ಸ್ವಂತ ಬೈಕ್ ಕಡ್ಡಾಯ. ಫೋನ್ ಮಾಡಿ.' ನನಗೀಗ 43. ಪೋಲಿಯೊದಿಂದ ಬಲಗಾಲು ಸೊರಗಿದೆ, ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತೇನೆ. ಟ್ಯಾಲಿಯಲ್ಲಿ 14 ವರ್ಷ ಕೆಲಸ ಮಾಡಿದ್ದೇನೆ.

ಇರಲಿ ಎಂದು ಫೋನ್ ಮಾಡಿದೆ. ಬೈಕ್ ಯಾಕೆ ಸಾರ್ ಎಂದರೆ, ವಾರಕ್ಕೊಂದು ಸಲ ಬ್ಯಾಂಕಿಗೆ ಹೋಗಿ ಚೆಕ್ ಕಟ್ಟಬೇಕಂತೆ. ಅದಕ್ಕೆ ಆಟೋ ಸಾಕು, ಅಲ್ವಾ? ದೃಢಕಾಯ ಯಾಕೆ? 'ಎಲ್ಲರೂ ಹಾಗೇ ಹಾಕಿಸ್ತಾರಲ್ಲ.' 35 ಯಾಕೆ? 'ಹುಡುಗರಾದ್ರೆ ಹೇಳಿದ ಮಾತು ಕೇಳ್ತಾರೆ.' ಈ ಕೊನೆಯ ಉತ್ತರ ಕೇಳಿ ನಗು ಬಂತು. ನಮ್ಮನೆಯಲ್ಲೂ ಒಬ್ಬ ಹುಡುಗನಿದ್ದಾನೆ!

ಅದೇ ಜಾಹೀರಾತನ್ನು ನಾನು ಹೀಗೆ ಬರೆದು ನೋಡಿದೆ: 'ಅಕೌಂಟೆಂಟ್ ಬೇಕಾಗಿದ್ದಾರೆ. ಬಿ.ಕಾಂ., ಟ್ಯಾಲಿಯಲ್ಲಿ 2 ವರ್ಷದ ಅನುಭವ. ವಾರಕ್ಕೊಮ್ಮೆ ಬ್ಯಾಂಕ್ ಕೆಲಸ, ಆಟೋ ಖರ್ಚು ನಮ್ಮದು. ಕಚೇರಿ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಬೇಕಾದವರಿಗೆ ಕೆಳಗೇ ಸಂದರ್ಶನ, ಕೆಳಗೇ ಮೇಜು. ವಿಕಲಚೇತನರೂ ಅರ್ಜಿ ಹಾಕಬಹುದು. ಫೋನ್ ಅಥವಾ ವಾಟ್ಸಾಪ್ ಮಾಡಿ.'

ಮೆಟ್ಟಿಲಿನ ವಿಷಯ ಮುಚ್ಚಿಟ್ಟು, ಸುಮ್ನೆ 'ವಿಕಲಚೇತನರಿಗೆ ಸ್ವಾಗತ' ಎಂದು ಹಾಕಿದರೆ ನನ್ನಂಥವನು ಬಸ್ಸಿಗೆ ದುಡ್ಡು ಕೊಟ್ಟು ಬಂದು, ಮೆಟ್ಟಿಲ ಕೆಳಗೆ ನಿಂತು ವಾಪಸ್ ಹೋಗಬೇಕಾಗುತ್ತದೆ. ಇನ್ನು ವಾಟ್ಸಾಪ್ ಯಾಕೆಂದರೆ, ಕಿವಿ ಕೇಳದವರು ಫೋನ್ ಮಾಡುವುದು ಹೇಗೆ?

ಮೈಬಲ ಬೇಕಾದ ಕೆಲಸಗಳೂ ಇವೆ, ಇಲ್ಲವೆನ್ನುವುದಿಲ್ಲ. ಗೋಡೌನಿನಲ್ಲಿ ಲೋಡಿಂಗ್ ಕೆಲಸವಾದರೆ '50 ಕೆಜಿ ಮೂಟೆ ಹೊರಬೇಕು' ಎಂದೇ ಹಾಕಲಿ. ನಾನು ಆ ಕಡೆ ತಲೆ ಹಾಕುವುದಿಲ್ಲ. ಆದರೆ ಕಿವಿ ಕೇಳದ ಗಟ್ಟಿ ಆಳೊಬ್ಬ 'ಇದು ನನ್ನಿಂದ ಆಗುತ್ತೆ' ಎಂದು ಬರಬಹುದು. 'ದೃಢಕಾಯ' ಎಂದು ಓದಿದರೆ ಅವನು, ತನ್ನನ್ನು ಕರೆದಿಲ್ಲ ಎಂದುಕೊಂಡು ಸುಮ್ಮನಾಗುತ್ತಾನೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಖಾಸಗಿ ಸಂಸ್ಥೆಗಳಿಗೂ ಸಮಾನ ಅವಕಾಶ ನೀತಿ ಇರಬೇಕು. 20ಕ್ಕಿಂತ ಕಡಿಮೆ ಜನರಿರುವ ಕಡೆ ನಿಯಮ ಅಷ್ಟು ವಿವರ ಕೇಳುವುದಿಲ್ಲ. ನಮ್ಮ ಜಿಲ್ಲೆಯ ಅಂಗಡಿ, ಕಚೇರಿಗಳಲ್ಲಿ ಇರುವುದು ಐದಾರು ಜನ. ಹಾಗಾಗಿ ಈ ವಿಷಯ ಕಾನೂನಿಗಿಂತ ಜಾಸ್ತಿ, ಜಾಹೀರಾತು ಬರೆದುಕೊಳ್ಳುವ ಕೌಂಟರಿನಲ್ಲೇ ತೀರ್ಮಾನವಾಗುತ್ತದೆ. ನಿಮ್ಮ ಕೌಂಟರಿನವರು 'ಈ ಬೈಕ್, ಈ ವಯಸ್ಸು ಕೆಲಸಕ್ಕೆ ಬೇಕೇಬೇಕಾ ಸಾರ್?' ಎಂದು ಒಂದು ಮಾತು ಕೇಳಬಹುದೇ?

ಇತಿ,
ಒಬ್ಬ ಓದುಗ, ಚಿಕ್ಕಮಗಳೂರು