ಹಣ ಕೊಡದವರಿಗೂ ತೆರೆದುಕೊಳ್ಳುವ ಡೌನ್‌ಲೋಡ್ ಲಿಂಕ್: ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನಿಮ್ಮ ವೆಬ್‌ಸೈಟ್ ಸೇವೆಯಲ್ಲಿ ಮಾರಾಟದ ಪಿಡಿಎಫ್‌ಗಳಿಗೆ ರಕ್ಷಣೆ ಇಲ್ಲದಿರುವುದು

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಟ್ಯೂಷನ್ ನಡೆಸುತ್ತೇನೆ. ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರಕ್ಕೆ ಕನ್ನಡದಲ್ಲಿ ಬರೆದ ನೋಟ್ಸನ್ನು ನಿಮ್ಮಲ್ಲಿ ಮಾಡಿಸಿದ ಸೈಟ್‌ನಿಂದ 149 ರೂಪಾಯಿಗೆ ಮಾರುತ್ತಿದ್ದೇನೆ.

ಹೋದ ವಾರ ನನ್ನ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ತೋರಿಸಿ, "ಮಿಸ್, ಇದು ನಮ್ಮ ಟೆಲಿಗ್ರಾಂ ಗ್ರೂಪಲ್ಲಿ ಬಂದಿದೆ" ಎಂದಳು. ಪಾಲುದಾರಿಕೆ ಅಧ್ಯಾಯ. ಗುಡ್‌ವಿಲ್ ಲೆಕ್ಕದ ಪಕ್ಕದಲ್ಲಿ ನಾನು ಕೈಯಲ್ಲೇ ಬರೆದ ತಿದ್ದುಪಡಿಯೂ ಹಾಗೇ ಇತ್ತು. ಗ್ರೂಪಿಗೆ ಬಂದಿದ್ದು ಫೈಲ್ ಅಲ್ಲ, ನನ್ನ ಸೈಟ್‌ನ ಲಿಂಕ್. ಲಾಗಿನ್ ಆಗದ ಬೇರೆ ಫೋನಿನಲ್ಲಿ ತೆರೆದು ನೋಡಿದೆ. ಒಂದು ಪ್ರಶ್ನೆಯನ್ನೂ ಕೇಳದೆ ಪಿಡಿಎಫ್ ಇಳಿಯಿತು. ಆ ತಿಂಗಳು ನನಗೆ ಬಂದ ಆರ್ಡರ್ 41. ಸರ್ವರ್ ಲಾಗ್‌ನಲ್ಲಿ ಅದೇ ಫೈಲ್ 900ಕ್ಕೂ ಹೆಚ್ಚು ಸಲ ಇಳಿದಿದೆ.

ಕಾರಣ ಸ್ಪಷ್ಟ. ಬ್ಯಾನರ್ ಚಿತ್ರಗಳಿರುವ ಸಾರ್ವಜನಿಕ ಫೋಲ್ಡರ್‌ನಲ್ಲೇ ನೀವು ಮಾರಾಟದ ಫೈಲನ್ನೂ ಇಟ್ಟಿದ್ದೀರಿ. ಹಣ ಕಟ್ಟಿದ ಮೇಲೆ ಖರೀದಿದಾರರಿಗೆ ಸಿಗುವುದು ಆ ಫೈಲಿನ ಕಾಯಂ ವಿಳಾಸ. ಒಬ್ಬರು ಹಂಚಿದರೆ ಸಾಕು, ಊರಿಗೆಲ್ಲ ಬಾಗಿಲು ತೆರೆದ ಹಾಗೆ.

ಕರೆ ಮಾಡಿದಾಗ ನಿಮ್ಮ ಸಿಬ್ಬಂದಿ robots.txt ಫೈಲಿಗೆ ಈ ಸಾಲು ಸೇರಿಸಿದರು:

```
Disallow: /uploads/notes/
```

ಇದರಿಂದ ನನಗೆ ಆದದ್ದು ತೊಂದರೆಯೇ. ಆ ಸಾಲು ಸರ್ಚ್ ಎಂಜಿನ್‌ಗಳಿಗೆ ಮಾಡಿಕೊಳ್ಳುವ ವಿನಂತಿ ಮಾತ್ರ, ಬೀಗವಲ್ಲ. ಲಿಂಕ್ ಇದ್ದವರನ್ನು ಅದು ತಡೆಯುವುದಿಲ್ಲ. ಮೇಲಾಗಿ robots.txt ಅನ್ನು ಯಾರು ಬೇಕಾದರೂ ಓದಬಹುದು, ಹಾಗಾಗಿ ನೋಟ್ಸ್ ಯಾವ ಫೋಲ್ಡರ್‌ನಲ್ಲಿದೆ ಎಂದು ನೀವೇ ಬರೆದು ತೋರಿಸಿದಂತಾಗಿದೆ.

ದಯವಿಟ್ಟು ಫೈಲ್‌ಗಳನ್ನು ಸಾರ್ವಜನಿಕ ಫೋಲ್ಡರ್‌ನಿಂದ ಹೊರಗಿಡಿ. ಹಳೆಯ ವಿಳಾಸಗಳು ಇನ್ನು ತೆರೆಯಬಾರದು. ಪೇಮೆಂಟ್ ಗೇಟ್‌ವೇ ನಿಮ್ಮ ಸರ್ವರ್‌ಗೆ ನೇರವಾಗಿ ಕಳಿಸುವ ಸಂದೇಶವನ್ನು ಪರಿಶೀಲಿಸಿ, ಹಣ ಬಂದದ್ದು ಖಚಿತವಾದ ಮೇಲಷ್ಟೇ ಪ್ರತಿ ಆರ್ಡರ್‌ಗೂ ಬೇರೆ ಲಿಂಕ್ ಕೊಡಿ. ಅದರಲ್ಲಿ ಆರ್ಡರ್ ಸಂಖ್ಯೆ, ಅವಧಿ ಮುಗಿಯುವ ಸಮಯ, ಇವೆರಡರಿಂದ ಸರ್ವರ್‌ನ ಗುಪ್ತ ಕೀಲಿ ಬಳಸಿ ತೆಗೆದ ಸಹಿ ಇರಲಿ. ಯಾರಾದರೂ ಸಮಯವನ್ನು ತಿದ್ದಿದರೆ ಸಹಿ ಹೊಂದುವುದಿಲ್ಲ, ಲಿಂಕ್ ತೆರೆಯುವುದಿಲ್ಲ. ಅವಧಿ 48 ಗಂಟೆ, ಡೌನ್‌ಲೋಡ್ ಐದು ಸಲ ಇದ್ದರೆ ಸಾಕು. ಹಳ್ಳಿ ಮಕ್ಕಳಿಗೆ ನೆಟ್‌ವರ್ಕ್ ನಡುವೆ ಕಡಿದುಹೋಗುತ್ತದೆ, ಅದಕ್ಕೇ ಒಂದೇ ಸಲ ಎಂದು ಕಟ್ಟಬೇಡಿ.

ಇಳಿಸಿಕೊಂಡ ಪಿಡಿಎಫನ್ನು ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ಇದ್ಯಾವುದೂ ತಡೆಯದು, ಗೊತ್ತಿದೆ. ಅದಕ್ಕಾಗಿ ಪ್ರತಿ ಪುಟದ ಕೆಳಗೆ ಆರ್ಡರ್ ಸಂಖ್ಯೆ ಮುದ್ರಿಸಿ ಕೊಡಿ, ಎಲ್ಲಿಂದ ಹೊರಬಿತ್ತೆಂದು ತಿಳಿಯುತ್ತದೆ. ಮಕ್ಕಳ ಫೋನ್ ನಂಬರ್ ಮಾತ್ರ ಹಾಕಬೇಡಿ.

ಏಳು ದಿನದೊಳಗೆ ಸರಿಪಡಿಸಿ ಲಿಖಿತವಾಗಿ ತಿಳಿಸಿ. ಇಲ್ಲವಾದರೆ ಈ ವರ್ಷದ ಶುಲ್ಕದಲ್ಲಿ ಉಳಿದ ತಿಂಗಳುಗಳ ಹಣವನ್ನು ಹಿಂದಿರುಗಿಸಿ. ಸರ್ವರ್ ಲಾಗ್‌ನ ಪ್ರತಿಯನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ, ದಾವಣಗೆರೆ