ಅನ್ನಪ್ರಾಶನ ಒಂದು ವಾರ ಮುಂದಕ್ಕೆ ಹಾಕಮ್ಮ

ಸನ್ನಿವೇಲ್, ಕ್ಯಾಲಿಫೋರ್ನಿಯಾ
ಜನವರಿ 18

ಪ್ರೀತಿಯ ಅಮ್ಮನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಗೆ ಕೆಳಗಿನ ಎರಡನೇ ಹಲ್ಲೂ ಕಾಣಿಸಿಕೊಂಡಿದೆ. ಫೋನಿನಲ್ಲಿ ಮಾತಾಡುವಾಗ ಅವಳು ಸುಮ್ನೆ ಬಿಡೋದಿಲ್ಲ, ನೀನೂ ಅವಳನ್ನೇ ನೋಡುತ್ತಾ ನಾನು ಹೇಳಿದ್ದನ್ನು ಕೇಳಿಸಿಕೊಳ್ಳೋದಿಲ್ಲ. ಅದಕ್ಕೇ ಈ ಪತ್ರ. ಅಪ್ಪನಿಗೂ ಓದಿ ಹೇಳು.

ನಾವು ಬಂದ ಮೂರನೇ ದಿನ ಬೆಳಿಗ್ಗೆ ಹತ್ತೂವರೆಗೆ ಅನ್ನಪ್ರಾಶನದ ಮುಹೂರ್ತ ಅಂದೆ. ಏಳನೇ ತಿಂಗಳು ಮುಗಿಯುವುದರೊಳಗೆ ಆಗಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ. ಆದರೆ ಬೆಳಿಗ್ಗೆ ಹತ್ತೂವರೆ ಅಂದರೆ ಅವಳಿಗೆ ರಾತ್ರಿ 9 ಗಂಟೆ. ಈಗ ನಿಮಗೂ ನಮಗೂ 13 ಗಂಟೆ 30 ನಿಮಿಷದ ವ್ಯತ್ಯಾಸ. ಗಾಢ ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸಿ, ರೇಷ್ಮೆ ಲಂಗ ಹಾಕಿ, ಐವತ್ತು ಜನರ ನಡುವೆ ಪಾಯಸ ನೆಕ್ಕಿಸಿದರೆ ಅವಳು ಏನು ಮಾಡುತ್ತಾಳೆ ಅಂತ ನಿನಗೇ ಗೊತ್ತು. ಅದೇ ತಿಂಗಳಲ್ಲಿ, ನಾವು ಬಂದು ಹತ್ತು ದಿನ ಕಳೆದ ಮೇಲೆ ಒಂದು ದಿನ ಸಿಗುತ್ತದಾ ಅಂತ ಪುರೋಹಿತರನ್ನು ಕೇಳು. ಹತ್ತು ದಿನ ಯಾಕೆ ಅನ್ನೋದನ್ನು ವಿವರವಾಗಿ ಹೇಳುತ್ತೇನೆ, ಕೇಳು.

ನಮ್ಮ ವಿಮಾನ ಇಲ್ಲಿ ಸಂಜೆ 4ಕ್ಕೆ ಹೊರಡುತ್ತದೆ. ದುಬೈಗೆ ಹದಿನೈದೂ ಮುಕ್ಕಾಲು ಗಂಟೆ. ಅಲ್ಲಿ ಎರಡು ಗಂಟೆ ಚಿಲ್ಲರೆ ಕಾದು, ಮತ್ತೆ ನಾಲ್ಕು ಗಂಟೆ ಹಾರಿದರೆ ಬೆಂಗಳೂರು. ನಿಮ್ಮ ಗಡಿಯಾರದಲ್ಲಿ ಆಗ ಬೆಳಗಿನ ಜಾವ ಮೂರೂವರೆ. ಹಗಲು ಹೊರಡುವ ವಿಮಾನ ಸ್ವಲ್ಪ ಅಗ್ಗಕ್ಕೆ ಸಿಗುತ್ತಿತ್ತು, ಆದರೂ ಇದನ್ನೇ ಹಿಡಿದೆವು. ಇದರಲ್ಲಿ ಉದ್ದದ ಹಾರಾಟ ಅವಳ ರಾತ್ರಿಗೆ ಸರಿಯಾಗಿ ಕೂಡಿ ಬರುತ್ತದೆ. ಹೊರಟ ಮೂರೂವರೆ ಗಂಟೆಗೆ ಇಲ್ಲಿನ ಏಳೂವರೆ, ಅಂದರೆ ಅವಳು ದಿನಾ ಮಲಗುವ ಹೊತ್ತು. ವಿಮಾನದಲ್ಲಿ ಹಾಸನದ ಗಡಿಯಾರ ನೋಡುವುದೇ ಇಲ್ಲ ಅಂತ ತೀರ್ಮಾನಿಸಿದ್ದೇನೆ. ಮನೆಯಲ್ಲಿ ಮಾಡುವಂತೆಯೇ ರಾತ್ರಿ ಬಟ್ಟೆ ಹಾಕಿ, ಹಾಲು ಕುಡಿಸಿ, ಮಲಗಿಸುವುದು.

ಮುಂದಿನ ಸಾಲಿನಲ್ಲಿ, ಎದುರು ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು ಇರುತ್ತದಲ್ಲ, ಬಾಸಿನೆಟ್, ಅದನ್ನು ಫೋನ್ ಮಾಡಿ ಕಾದಿರಿಸಿದ್ದೇವೆ. ಅದಕ್ಕೆ ತೂಕದ ಮಿತಿ ಇದೆ. ಒಂದೊಂದು ವಿಮಾನ ಕಂಪನಿಯದು ಒಂದೊಂದು ಲೆಕ್ಕ, ಪುಟ್ಟಿ ಸದ್ಯಕ್ಕೆ ಹಿಡಿಸುತ್ತಾಳೆ. ತೊಂದರೆ ಏನೆಂದರೆ ವಿಮಾನ ಸ್ವಲ್ಪ ಅಲುಗಾಡಿ ಬೆಲ್ಟ್ ದೀಪ ಹತ್ತಿದರೆ ಸಾಕು, ಮಲಗಿದ ಮಗುವನ್ನು ಎತ್ತಿ ಮಡಿಲಿಗೆ ಹಾಕಿಕೊಳ್ಳಿ ಅಂತಾರೆ. ಎತ್ತಿದರೆ ಎದ್ದೇ ಏಳುತ್ತಾಳೆ. ಹಾಗಾಗಿ ಹನ್ನೊಂದು ಗಂಟೆ ಮಲಗುವವಳು ಆರೇಳು ಗಂಟೆ ಮಲಗಿದರೆ ಪುಣ್ಯ ಅಂದುಕೊಂಡಿದ್ದೇವೆ. ವಿಮಾನ ಇಳಿಯಲು ಶುರುವಾದಾಗ, ಅಂದರೆ ನೆಲ ಮುಟ್ಟುವ ಅರ್ಧ ಗಂಟೆ ಮುಂಚೆ, ಹಾಲು ಕುಡಿಸುತ್ತೇನೆ. ನುಂಗುತ್ತಿದ್ದರೆ ಕಿವಿ ಕಟ್ಟುವುದಿಲ್ಲ.

ನೀನು ಹೇಳಿದ ಬಜೆಯ ವಿಷಯ. ಅದನ್ನು ತೇಯ್ದು ಕೊಟ್ಟರೆ ದಾರಿಯುದ್ದಕ್ಕೂ ಮಲಗುತ್ತಾಳೆ ಅಂದೆ. ಬೇಡಮ್ಮ. ಬಜೆಯನ್ನು ತಿನ್ನುವ ಪದಾರ್ಥಕ್ಕೆ ಸೇರಿಸಬಾರದು ಅಂತ ಇಲ್ಲಿ 1968ರಲ್ಲೇ ನಿಷೇಧಿಸಿದ್ದಾರೆ. ಕೈಗೆ ಬಜೆ ಬಳೆ ಕಟ್ಟುತ್ತೀಯೋ, ಅವಳು ಬಾಯಿಗೆ ಹಾಕದ ಹಾಗೆ ನೋಡಿಕೊಂಡು ಕಟ್ಟು. ನಿದ್ದೆ ಬರಿಸುವ ಶೀತದ ಸಿರಪ್ಪು ಕೂಡ ಕೊಡುವುದಿಲ್ಲ. ಇಷ್ಟು ಸಣ್ಣ ಮಕ್ಕಳಿಗೆ ಅದರಿಂದ ಉಸಿರಾಟಕ್ಕೆ ತೊಂದರೆಯಾಗಬಹುದು. ಕೆಲವು ಮಕ್ಕಳಂತೂ ಅದನ್ನು ಕುಡಿದು ಮಲಗುವ ಬದಲು ರಾತ್ರಿಯೆಲ್ಲ ಕುಣಿಯುತ್ತವೆ.

ಈಗ ಹಾಸನದ ಕಥೆಗೆ ಬರುತ್ತೇನೆ. ಲಗೇಜ್ ತೆಗೆದುಕೊಂಡು ಹೊರಗೆ ಬರುವಾಗ 5 ಗಂಟೆ ಆಗುತ್ತದೆ. ಕಾರಿನಲ್ಲಿ ನಾಲ್ಕು ಗಂಟೆ. ನಾವು ಗೇಟು ತೆಗೆಯುವ ಹೊತ್ತಿಗೆ ಬೆಳಿಗ್ಗೆ 9. ನಿಮಗೆಲ್ಲ ಕಾಫಿ ತಿಂಡಿಯ ಸಂಭ್ರಮ, ಅವಳಿಗೆ ರಾತ್ರಿ ಏಳೂವರೆ. ಆರತಿ ಎತ್ತಿ ಒಳಗೆ ಕರೆದುಕೋ, ಆಮೇಲೆ ಒಂದು ಸುತ್ತು ಮುದ್ದು ಮಾಡಿ ಬಿಟ್ಟುಬಿಡು. ಎಷ್ಟು ಹೊತ್ತಾದರೂ ಮಲಗಲಿ ಅಂತ ಬಿಟ್ಟರೆ ಅವಳು ಸಂಜೆವರೆಗೂ ಮಲಗಿ, ರಾತ್ರಿ 8ಕ್ಕೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಬೆಳಗಾಯ್ತು ಅಂತ ಎದ್ದು ಕೂರುತ್ತಾಳೆ. ಅದಕ್ಕೇ ಹಗಲಿನ ನಿದ್ದೆ ಒಂದೊಂದು ಸಲಕ್ಕೆ ಎರಡು ಗಂಟೆ, ಹೆಚ್ಚೆಂದರೆ ಎರಡೂವರೆ. ನೀನು ಅಟ್ಟದಿಂದ ಇಳಿಸಿಟ್ಟಿರುವ ತೊಟ್ಟಿಲನ್ನು ಹಗಲಿಗೆ ಇಟ್ಟುಕೊಳ್ಳೋಣ. ಅದು ನಡುಮನೆಯಲ್ಲೇ ಇರಲಿ. ಕಿಟಕಿ ತೆರೆದಿರಲಿ, ಮಿಕ್ಸಿ ಸದ್ದು, ಕುಕ್ಕರ್ ವಿಷಲ್ ಏನಾದರೂ ಆಗಲಿ. ರಾತ್ರಿ ಮಾತ್ರ ಕೋಣೆಯಲ್ಲಿ, ಕತ್ತಲಲ್ಲಿ, ದಿಂಬಿಲ್ಲದ ಗಟ್ಟಿ ಹಾಸಿಗೆಯ ಮೇಲೆ.

ನಿದ್ದೆ ಸರಿಹೋಗಲು ನಮ್ಮ ಕೈಯಲ್ಲಿರುವುದರಲ್ಲಿ ದೊಡ್ಡದು ಬೆಳಕು. ಹಾಲು, ಊಟದ ಹೊತ್ತು ಎಲ್ಲ ಅದರ ಹಿಂದೆ. ಎಲ್ಲರ ಮೈಬಿಸಿಯೂ ಏಳುವುದಕ್ಕೆ ಎರಡು ಮೂರು ಗಂಟೆ ಮುಂಚೆ, ಪುಟ್ಟಿಗಾದರೆ ಬೆಳಗಿನ ಜಾವ 4ರ ಸುಮಾರಿಗೆ, ತೀರಾ ಕಡಿಮೆ ಇರುತ್ತದೆ. ಅದಕ್ಕಿಂತ ಮುಂಚಿನ ಗಂಟೆಗಳಲ್ಲಿ ಕಣ್ಣಿಗೆ ಬೆಳಕು ಬಿದ್ದರೆ ಮರುದಿನ ನಿದ್ದೆ ಬರುವುದು ತಡವಾಗುತ್ತದೆ. ಅದಾದ ಮೇಲೆ ಬಿದ್ದರೆ ಬೇಗ ಆಗುತ್ತದೆ. ಇಲ್ಲಿನ 4 ಅಂದರೆ ನಿಮ್ಮಲ್ಲಿ ಸಂಜೆ ಐದೂವರೆ. ಹಾಗಾಗಿ ಮೊದಲ ದಿನಗಳಲ್ಲಿ ಹಾಸನದ ಬೆಳಗಿನ, ಮಧ್ಯಾಹ್ನದ ಬೆಳಕೆಲ್ಲ ಅವಳ ನಿದ್ದೆಯನ್ನು ತಡದ ಕಡೆಗೇ ತಳ್ಳುತ್ತದೆ. ನಮಗೆ ಬೇಕಾದ್ದೂ ಅದೇ. ದಿನಾ ಸ್ವಲ್ಪ ತಡವಾಗಿ ಮಲಗುವುದಕ್ಕೆ ಮೈ ಒಪ್ಪುತ್ತದೆ, ದಿನಾ ಬೇಗ ಮಲಗು ಅಂದರೆ ಒಪ್ಪುವುದಿಲ್ಲ.

ಬೆಳಿಗ್ಗೆ ಎಂಟು ಒಂಬತ್ತರ ಎಳೆಬಿಸಿಲಿಗೆ ಅಪ್ಪ ಅವಳನ್ನು ಜಗಲಿಯಲ್ಲಿ ಕೂರಿಸಿಕೊಳ್ಳಲಿ. ಮಧ್ಯಾಹ್ನ ಸಪೋಟ ಮರದ ನೆರಳಿಗೆ ಬಂದರೂ ಸಾಕು. ಮೋಡದ ದಿನವಾದರೂ ಹೊರಗಿನ ಬೆಳಕು ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಜಾಸ್ತಿ. ಆದರೆ ಸಂಜೆ ಐದೂವರೆ ಆದ ಮೇಲೆ ಅವಳನ್ನು ಎತ್ತಿಕೊಂಡು ದೇವಸ್ಥಾನಕ್ಕೆ ಹೋಗುವುದು ಮೊದಲ ಮೂರು ದಿನ ಬೇಡ. ಆ ಹೊತ್ತಿನ ಬಿಸಿಲು ಉಲ್ಟಾ ಎಳೆಯುತ್ತದೆ. ಹಾಸನಾಂಬೆ ಬಾಗಿಲೂ ಈಗ ತೆರೆದಿರುವುದಿಲ್ಲವಲ್ಲ, ಉಳಿದ ದೇವರುಗಳು ಮೂರು ದಿನ ಕಾಯುತ್ತಾರೆ.

ಹೀಗೆ ಮಾಡಿದರೆ ದಿನಕ್ಕೆ ಒಂದರಿಂದ ಒಂದೂವರೆ ಗಂಟೆಯಷ್ಟು ಸರಿಯುತ್ತದೆ. ತಡದ ಕಡೆಗೆ ಹೋಗುವುದರಿಂದ ಅವಳು ಸರಿಯಬೇಕಾದ್ದು ಹದಿಮೂರೂವರೆ ಅಲ್ಲ, ಇಪ್ಪತ್ತನಾಲ್ಕರಲ್ಲಿ ಅದನ್ನು ಕಳೆದು ಉಳಿಯುವ ಹತ್ತೂವರೆ ಗಂಟೆ. ಭಾಗಿಸಿ ನೋಡು, ಏಳರಿಂದ ಹತ್ತು ದಿನ. ನಾನು ಹತ್ತು ದಿನ ಕೇಳಿದ್ದು ಈ ಲೆಕ್ಕದ ಮೇಲೆ.

ಸರಿಹೋಗುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಅವಳು ಎಷ್ಟು ಅತ್ತಳು ಅಂತ ನೋಡಬೇಡ, ರಾತ್ರಿ ಎಷ್ಟು ಹೊತ್ತಿಗೆ ಪೂರ್ತಿ ಎಚ್ಚರಾದಳು ಅಂತ ನೋಡು. ಮೊದಲ ರಾತ್ರಿ ಏಳೂವರೆಗೆ ಮಲಗಿಸಿದರೆ 9ಕ್ಕೇ ಎದ್ದು ಆಟಕ್ಕೆ ನಿಲ್ಲುತ್ತಾಳೆ. ಎರಡು ದಿನ ಬಿಟ್ಟು ಅದು 11, 12 ಆಗಬೇಕು. ಆಮೇಲೆ 2, ಆಮೇಲೆ 4. ಬೆಳಗಿನ ಜಾವ 5ಕ್ಕೆ ಎದ್ದಳು ಅಂದರೆ ಮುಗಿಯುತ್ತಾ ಬಂತು ಅಂತ. ಇದೂ ಒಂದೇ ಸಮ ಆಗುವುದಿಲ್ಲ, ನಡುವೆ ಒಂದು ದಿನ ಹಿಂದಕ್ಕೂ ಹೋಗುತ್ತದೆ. ಪಕ್ಕದ ಮನೆಯ ತೆಲುಗಿನವರು ಮಗುವನ್ನು ಕರೆದುಕೊಂಡು ಹೋಗಿದ್ದಾಗ, ನಾಲ್ಕನೇ ದಿನ ಮದುವೆಮನೆಗೆ ಹೋಗಿ ಮಗು ಅಲ್ಲೇ ಮಧ್ಯಾಹ್ನವೆಲ್ಲ ನಿದ್ದೆ ಮಾಡಿತಂತೆ. ಆ ರಾತ್ರಿ ಪುನಃ ಮೊದಲಿಂದ ಶುರು.

ಮಧ್ಯರಾತ್ರಿ ಅವಳು ಎದ್ದಾಗ ಮನೆಯವರೆಲ್ಲ ಏಳಬಾರದು. ಇದನ್ನು ನಿನಗೇ ಹೇಳುತ್ತಿರುವುದು. ನಿನ್ನ ಮುಖ ಕಂಡರೆ ಅವಳಿಗೆ ಅದೇ ಹಬ್ಬ. ನಾನೋ ಇವರೋ ಸರದಿಯಲ್ಲಿ ಎದ್ದಿರುತ್ತೇವೆ. ಹಳದಿ ಜೀರೋ ಬಲ್ಬು ಒಂದೇ, ಟಿವಿ ಇಲ್ಲ, ಮೊಬೈಲ್ ಇಲ್ಲ, ಮಾತು ಪಿಸುಮಾತು. ಹಸಿದಿದ್ದರೆ ಹಾಲು ಕೊಡುವುದು ಸರಿ, ಯಾಕೆಂದರೆ ಅವಳ ಹೊಟ್ಟೆ ಇನ್ನೂ ಕ್ಯಾಲಿಫೋರ್ನಿಯಾದಲ್ಲೇ ಇರುತ್ತದೆ. ಹಗಲು ಎರಡೂವರೆ ಮೂರು ಗಂಟೆಗೊಮ್ಮೆ ಕುಡಿಸುತ್ತಾ ಬಂದರೆ ರಾತ್ರಿಯ ಹಸಿವು ತಾನಾಗಿ ಇಳಿಯುತ್ತದೆ.

ಇನ್ನೊಂದು ವಿಷಯ ಇಲ್ಲಿನ ಡಾಕ್ಟರು ಹೇಳಿದ್ದು, ನನಗೇ ಹೊಸತು. ಎದೆಹಾಲಿನಲ್ಲಿ ರಾತ್ರಿ ಹೊತ್ತು ಮೆಲಟೋನಿನ್ ಇರುತ್ತದೆ, ನಿದ್ದೆಯ ಹಾರ್ಮೋನು. ಹಗಲಿನ ಹಾಲಿನಲ್ಲಿ ಅದು ಇರುವುದಿಲ್ಲ ಅನ್ನಬಹುದು. ಅಂದರೆ ನನ್ನ ಮೈಗೆ ಹಾಸನದ ರಾತ್ರಿ ಹಗಲು ಒಗ್ಗುವವರೆಗೆ, ಹಗಲು ಹನ್ನೊಂದಕ್ಕೆ ನಾನು ಅವಳಿಗೆ ರಾತ್ರಿ ಹಾಲನ್ನೇ ಕುಡಿಸುತ್ತಿರುತ್ತೇನೆ. ಹಾಗಾಗಿ ಮಧ್ಯಾಹ್ನ "ಪಾಪ, ಸುಸ್ತಾಗಿದ್ದೀಯ, ಒಳಗೆ ಹೋಗಿ ಮಲಗು" ಅಂತ ನನ್ನನ್ನು ಕಳಿಸಬೇಡ. ಅವಳ ಜೊತೆ ನನ್ನನ್ನೂ ಬಿಸಿಲಿಗೆ ದಬ್ಬು. ಊಟವಾದ ಮೇಲೆ ಅರ್ಧ ಗಂಟೆ ಚಾಪೆ ಮೇಲೆ ಬಿದ್ದುಕೊಂಡರೆ ಸಾಕು, ಅಷ್ಟಕ್ಕೇ ಎಬ್ಬಿಸು.

ಎಲ್ಲ ಅಳುವನ್ನೂ ನಿದ್ದೆಯ ತಲೆಗೆ ಕಟ್ಟುವುದೂ ತಪ್ಪು. ಜ್ವರ ಬಂದರೆ, ಹಗಲು ರಾತ್ರಿ ಎರಡೂ ಹೊತ್ತು ಹಾಲು ಬೇಡ ಅಂದರೆ, ಉಚ್ಚೆ ಹೊಯ್ಯುವುದು ಕಡಿಮೆಯಾದರೆ ಅದು ಬೇರೆ ಏನೋ. ಆಗ ಕಾಯದೆ ಡಾಕ್ಟರ ಹತ್ತಿರ ಹೋಗೋಣ. ಹತ್ತಿರದ ಮಕ್ಕಳ ಡಾಕ್ಟರು ಎಷ್ಟು ಗಂಟೆಯವರೆಗೆ ಸಿಗುತ್ತಾರೆ ಅಂತ ವಿಚಾರಿಸಿಟ್ಟಿರು.

ಅಪ್ಪನಿಗೆ ಎರಡು ಕೆಲಸ. ನಾವು ಮಲಗುವ ಕೋಣೆಯ ಪೂರ್ವದ ಕಿಟಕಿಗೆ ದಪ್ಪನೆಯ ಕಪ್ಪು ಪರದೆ ಹಾಕಿಸಲಿ, ಇಲ್ಲದಿದ್ದರೆ ಹಳೇ ಜಮಖಾನ ಮೊಳೆ ಹೊಡೆದು ನೇತುಹಾಕಿದರೂ ಆದೀತು. ಸೊಳ್ಳೆಪರದೆ ದೊಡ್ಡದು ಬೇಕು, ನಾನೂ ಅವಳೂ ಒಳಗೆ ಹಿಡಿಸಬೇಕು. ಮಗುವಿನ ಕಾರ್ ಸೀಟ್ ನಾವೇ ತರುತ್ತಿದ್ದೇವೆ. ಹಿಂದಿನ ಸೀಟಿಗೆ ಬೆಲ್ಟ್ ಸರಿಯಾಗಿರುವ ಕಾರು ಹೇಳಲಿ.

ಬಂಧುಗಳು ಮೊದಲ ವಾರ ಬಂದೇ ಬರುತ್ತಾರೆ, ನೀನೂ ಬೇಡ ಅನ್ನಲಾರೆ. ಬರುವವರು ಸಂಜೆ 4ರಿಂದ ಐದೂವರೆ ಒಳಗೆ ಬರಲಿ ಅನ್ನು. ಆ ಹೊತ್ತಿಗೆ ಅವಳನ್ನು ಹೇಗೂ ಎಬ್ಬಿಸಿಟ್ಟಿರಬೇಕು. ದೊಡ್ಡತ್ತೆ ಎತ್ತಿ ಕುಣಿಸಿದರೆ ನಮ್ಮ ಕೆಲಸ ಅರ್ಧ ಕಡಿಮೆಯಾಯ್ತು.

ಪುರೋಹಿತರು ಯಾವ ದಿನ ಹೇಳುತ್ತಾರೆ ಅಂತ ಬೇಗ ತಿಳಿಸು. ಸಾಧ್ಯವಾದರೆ ಮುಹೂರ್ತ ಮಧ್ಯಾಹ್ನದ ಊಟಕ್ಕೆ ಹತ್ತಿರ ಇರಲಿ. ಇವರಿಗೆ ರಜೆ ಇನ್ನೂ ಪಕ್ಕಾ ಆಗಿಲ್ಲ, ಆ ದಿನ ನೋಡಿಕೊಂಡೇ ಆಫೀಸಿನಲ್ಲಿ ಬರೆದುಕೊಡುತ್ತಾರೆ. ಅಡುಗೆಯವರಿಗೆ ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಬೇಡ, ದಿನ ಬದಲಾಯಿಸಿಕೊಡಿ ಅಂತ ಮಾತ್ರ ಹೇಳು.

ಇಂತಿ
ನಿನ್ನ ಮಗಳು