ನಿಮ್ಮ ನೋಂದಾಯಿತ ಕಚೇರಿಯ ವಿಳಾಸ ಬಿಲ್ಲಿನಲ್ಲಿ ಯಾಕಿಲ್ಲ?

ಗೆ,
ದೂರು ಪರಿಹಾರ ಅಧಿಕಾರಿಗಳು

ವಿಷಯ: ಕೆಟ್ಟ ವಾಟರ್ ಪ್ಯೂರಿಫೈಯರ್ ಮತ್ತು ವಾಪಸ್ ಬಂದ ನನ್ನ ನೋಟಿಸ್

ಮಾನ್ಯರೇ,

ನಿಮ್ಮಿಂದ ತರಿಸಿದ ಪ್ಯೂರಿಫೈಯರ್ ಎರಡೇ ತಿಂಗಳಿಗೆ ಸೋರತೊಡಗಿತು. ವಾರಂಟಿ ಇದ್ದರೂ ರಿಪೇರಿಗೆ ಯಾರೂ ಬರಲಿಲ್ಲ. ಕೊನೆಗೆ ನಿಮ್ಮ ವೆಬ್‌ಸೈಟಿನಲ್ಲಿ 'ಹೆಡ್ ಆಫೀಸ್' ಎಂದು ಕೊಟ್ಟಿರುವ ಬೆಂಗಳೂರಿನ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆ. ಹತ್ತು ದಿನಕ್ಕೆ ಅದು 'ಲೆಫ್ಟ್' ಎಂಬ ಷರಾ ಹೊತ್ತು ಹುಬ್ಬಳ್ಳಿಗೇ ವಾಪಸ್ ಬಂತು. ನೀವು ಆ ಕಟ್ಟಡ ಬಿಟ್ಟು ಹೋಗಿದ್ದೀರಿ, ವೆಬ್‌ಸೈಟ್ ಮಾತ್ರ ಅಲ್ಲೇ ಕೂತಿದೆ!

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ಬಿಲ್ಲಿನಲ್ಲಿರುವ ವಿಳಾಸಕ್ಕೆ ಕಳಿಸಿ ಸರ್" ಎಂದರು. ಬಿಲ್ಲಿನಲ್ಲಿರುವುದು ನೆಲಮಂಗಲದ ಗೋದಾಮು. ಅಲ್ಲಿಂದ ಸರಕು ಹೊರಡುತ್ತದೆ, ಅಷ್ಟೇ. ಜಿಎಸ್‌ಟಿ ನಂಬರ್ 29ರಿಂದ ಶುರುವಾಗಿದೆಯಲ್ಲ ಎಂದೂ ಅವರು ಹೇಳಿದರು. 29 ಎಂದರೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಇದೆ ಎಂದು ಮಾತ್ರ. ವ್ಯಾಪಾರ ಮಾಡುವ ರಾಜ್ಯಕ್ಕೊಂದರಂತೆ ಬೇರೆ ಬೇರೆ ನಂಬರ್ ಇರುತ್ತದೆ. ಕಂಪನಿಯ ನೋಂದಾಯಿತ ಕಚೇರಿ ಎಲ್ಲಿದೆ ಎಂದು ಅದು ಹೇಳುವುದಿಲ್ಲ.

ವಾರಂಟಿ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ನಿಮ್ಮ 21 ಅಕ್ಷರಗಳ ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ, ಸಿಕ್ಕಿತು. ಅದರ ಏಳನೇ, ಎಂಟನೇ ಅಕ್ಷರ DL. ಅಂದರೆ ನೋಂದಾಯಿತ ಕಚೇರಿ ಇರುವುದು ದೆಹಲಿಯಲ್ಲಿ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ನಂಬರ್ ಹಾಕಿದಾಗ ಪೂರ್ತಿ ವಿಳಾಸ ಬಂತು. ದೆಹಲಿಯದೊಂದು ಕಟ್ಟಡದ ಎರಡನೇ ಮಹಡಿ. ಮೂರು ತಿಂಗಳ ಓಡಾಟದಲ್ಲಿ ನಿಮ್ಮವರು ಯಾರೂ ಈ ಊರಿನ ಹೆಸರನ್ನೇ ಎತ್ತಿರಲಿಲ್ಲ.

ಹೆಡ್ ಆಫೀಸ್ ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ, ಅದು ನಿಮ್ಮ ಅನುಕೂಲ. ನೋಂದಾಯಿತ ಕಚೇರಿಯ ವಿಷಯ ಹಾಗಲ್ಲ. ಕಂಪನಿಗೆ ಬರುವ ಪತ್ರ, ನೋಟಿಸ್‌ಗಳನ್ನು ತೆಗೆದುಕೊಂಡು ಸ್ವೀಕೃತಿ ಕೊಡಲು ಅಂಥ ಕಚೇರಿ ಸದಾ ಇರಬೇಕು ಎನ್ನುತ್ತದೆ 2013ರ ಕಂಪನಿ ಕಾಯ್ದೆಯ 12ನೇ ಕಲಂ. ಆ ವಿಳಾಸವನ್ನು ಸಿಐಎನ್ ಜೊತೆ ಬಿಲ್ಲಿನಲ್ಲೂ ಲೆಟರ್‌ಹೆಡ್‌ನಲ್ಲೂ ಅಚ್ಚು ಹಾಕಿಸಬೇಕು ಎನ್ನುವುದೂ ಅದೇ ಕಲಮೇ. ನನ್ನ ಬಿಲ್ಲಿನಲ್ಲಿ ಎರಡೂ ಇಲ್ಲ.

ದೆಹಲಿಗೆ ಬಂದು ಕೇಸು ಹಾಕಬೇಕಾದ ಕಷ್ಟ ನನಗಿಲ್ಲ. ನಾನು ವಾಸವಿರುವ ಕಡೆಯೇ, ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದಲ್ಲಿ, ದೂರು ಕೊಡಬಹುದು. ಆದರೆ ಆಯೋಗದ ನೋಟಿಸ್ ನಿಮಗೆ ತಲುಪಬೇಕಲ್ವಾ? ಖಾಲಿ ಕಟ್ಟಡದ ವಿಳಾಸ ಕೊಟ್ಟರೆ ಸುಮ್ನೆ ವಾಯಿದೆ ಮೇಲೆ ವಾಯಿದೆ.

ಈ ಪತ್ರವನ್ನು ದೆಹಲಿ ವಿಳಾಸಕ್ಕೇ ಕಳಿಸುತ್ತಿದ್ದೇನೆ. ವಾಪಸ್ ಬಂದ ಲಕೋಟೆಯ ಮತ್ತು ಬಿಲ್ಲಿನ ಪ್ರತಿ ಜೊತೆಗಿದೆ. 15 ದಿನದೊಳಗೆ ಯಂತ್ರ ಬದಲಿಸಿ ಕೊಡಿ, ಇಲ್ಲವೇ ಹಣ ವಾಪಸ್ ಮಾಡಿ. ನೋಂದಾಯಿತ ವಿಳಾಸ ಹಾಕಿದ ಹೊಸ ಬಿಲ್ಲನ್ನೂ ಕಳಿಸಿ. ಈ ಪತ್ರವೂ ವಾಪಸ್ ಬಂದರೆ ಎರಡೂ ಲಕೋಟೆಗಳನ್ನು ಕಂಪನಿ ರಿಜಿಸ್ಟ್ರಾರ್‌ಗೆ ಕಳಿಸುತ್ತೇನೆ. ಆ ವಿಳಾಸದಲ್ಲಿ ನೀವು ನಿಜಕ್ಕೂ ಇದ್ದೀರಾ ಎಂದು ಸ್ಥಳಕ್ಕೇ ಹೋಗಿ ನೋಡುವ ಅಧಿಕಾರ ಅವರಿಗಿದೆ.

ಇಂತಿ,
ನಿಮ್ಮ ಗ್ರಾಹಕ
ಹುಬ್ಬಳ್ಳಿ